ಇಪ್ಪತ್ತೇಳನೇ ನಂಬರಿನ ಮುಂದೂಡಿದ ಸಭೆ

ಟ್ಯಾಕ್ಸಿ ಚಾಲಕರ ಸಹಕಾರ ಸಂಘದಲ್ಲಿ ಅವನಿಗೆ ಸೈಲೆನ್ಸರ್ ಎಂದು ಹೆಸರು ಬಿದ್ದು ಎಷ್ಟೋ ವರ್ಷಗಳಾಗಿದ್ದವು. ಹೆಸರಿಟ್ಟವರು ಯಾರೆಂದು ಯಾರಿಗೂ ನೆನಪಿರಲಿಲ್ಲ, ಅವನಂತೂ ಕೇಳಿದವನೇ ಅಲ್ಲ. ಗಿರಾಕಿ ಹತ್ತಿದರೆ ಒಂದು ತಲೆಯಾಡಿಸುವಿಕೆ, ಇಳಿದರೆ ಇನ್ನೊಂದು, ಅಲ್ಲಿಗೆ ಅವನ ದಿನದ ಸಂಭಾಷಣೆ ಮುಗಿಯಿತು. ಹೆಂಡತಿ ಕೂಡ, "ನಿಮ್ಮ ಜತೆ ಜಗಳ ಆಡೋಕೆ ಹೋದ್ರೆ ಎರಡೂ ಕಡೆ ಮಾತು ನಾನೇ ಆಡ್ಬೇಕು" ಎಂದು ಗೊಣಗುತ್ತಿದ್ದಳು. ಇಂಥವನು ಸಂಘದ ನಿರ್ದೇಶಕನಾದದ್ದು ಹೇಗೆ ಅಂದರೆ, ಯಾರ ಜತೆಗೂ ಮಾತಾಡದವನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಚುನಾವಣೆಯಲ್ಲಿ ಅಷ್ಟು ಸಾಕಾಯಿತು. ಮೂರು ವರ್ಷ ಒಂದು ಮಾತೂ ಆಡದೆ ಸಭೆಗಳಿಗೆ ಬಂದು ಕೂತು, ಕೈ ಎತ್ತಬೇಕಾದಲ್ಲಿ ಎತ್ತಿ ಮನೆಗೆ ಹೋಗಿದ್ದ.

ಆದರೆ ಆ ಬುಧವಾರ ಅವನು ಬೆಳಗಿನಿಂದ ಒಂದು ಗಿರಾಕಿಯನ್ನೂ ಹತ್ತಿಸಿಕೊಂಡಿರಲಿಲ್ಲ. ಸಭೆಯ ವಿಷಯಪಟ್ಟಿಯಲ್ಲಿ ಮೊದಲನೆಯದೇ ಇಪ್ಪತ್ತೇಳನೇ ನಂಬರು.

ರೈಲು ನಿಲ್ದಾಣದ ಮುಂದಿನ ಸ್ಟ್ಯಾಂಡಿನಲ್ಲಿ ನಲವತ್ತು ಟ್ಯಾಕ್ಸಿಗಳಿಗಷ್ಟೇ ಜಾಗ, ನಲವತ್ತೇ ನಂಬರು. ಇಪ್ಪತ್ತೇಳು ಅವನ ಪಾರ್ಟ್ನರಿನದು. ಹನ್ನೆರಡು ವರ್ಷ ಇಬ್ಬರೂ ಒಂದೇ ಗಾಡಿಯನ್ನು ಪಾಳಿಯಲ್ಲಿ ಓಡಿಸಿದವರು. ಆಮೇಲೆ ಇವನಿಗೆ ಬೇರೆ ನಂಬರು ಸಿಕ್ಕಿತು, ಪಾರ್ಟ್ನರಿಗೆ ಕಣ್ಣು ಮಂಜಾಯಿತು. ಆತ ಲೈಸೆನ್ಸು ಬಿಟ್ಟುಕೊಟ್ಟ, ನಂಬರನ್ನು ತನ್ನ ಮಗಳಿಗೆ ಕೊಡಿ ಎಂದು ಅರ್ಜಿ ಹಾಕಿದ. ಪುಟ್ಟಿ ಎಂದು ಎಲ್ಲರೂ ಕರೆಯುತ್ತಿದ್ದ ಆ ಹುಡುಗಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನು ಸೈಲೆನ್ಸರನೇ. ಪುಟ್ಟಿ ತಪ್ಪು ಗೇರು ಹಾಕಿದರೆ ಡ್ಯಾಶ್‌ಬೋರ್ಡಿಗೆ ಬೆರಳಿನಿಂದ ಒಂದು ಕುಟ್ಟು, ಸರಿಯಾಗಿ ಹಾಕಿದರೆ ಎರಡು. ಅವಳು ಅವನನ್ನು ಚಿಕ್ಕಪ್ಪ ಎನ್ನುತ್ತಿದ್ದಳು. ಸ್ವಂತ ಮಕ್ಕಳಿಲ್ಲದ ಅವನಿಗೆ ಆ ಕರೆ ಕೇಳಿದಾಗಲೆಲ್ಲ ಹೊಟ್ಟೆ ತಂಪಾಗುತ್ತಿತ್ತು. ಅದನ್ನೂ ಅವನು ಯಾರಿಗೂ ಹೇಳಿರಲಿಲ್ಲ.

ಸಂಘದ ಬೈಲಾ, ಅಂದರೆ ನಿಯಮಗಳ ಪುಸ್ತಕದ ಪ್ರಕಾರ ಬಿಟ್ಟುಕೊಟ್ಟ ನಂಬರನ್ನು ಮನೆಯವರಿಗೆ ಕೊಡಬೇಕಾದರೆ ಸಮಿತಿ ತೊಂಬತ್ತು ದಿನದೊಳಗೆ ಒಪ್ಪಿ ಠರಾವು ಮಾಡಬೇಕು. ದಿನ ಮೀರಿದರೆ ನಂಬರು ಕಾಯುವವರ ಪಟ್ಟಿಯಲ್ಲಿ ಮೊದಲು ಇದ್ದವರ ಪಾಲು. ಆ ಪಟ್ಟಿಯಲ್ಲಿ ಮೊದಲು ಇದ್ದವನು ಸಂಘದ ಅಧ್ಯಕ್ಷರ ಭಾವಮೈದುನ. ತೊಂಬತ್ತನೇ ದಿನ ಮುಂದಿನ ವಾರದ ಗುರುವಾರಕ್ಕೆ ಬೀಳುತ್ತಿತ್ತು.

ಅಧ್ಯಕ್ಷರಿಗೆ ಹಾರ್ನ್ ಎಂದು ಅಡ್ಡಹೆಸರು. ಅವರು ಎದುರು ಬದುರು ಕೂತವರ ಜತೆಗೂ ಬೀದಿಯ ಆಚೆ ಬದಿಯವರ ಜತೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು.

ಸಂಘದ ಕಚೇರಿ ಗ್ಯಾರೇಜಿನ ಮೇಲಿನ ಒಂದೇ ಕೋಣೆ. ಕೆಳಗೆ ಟೈರಿಗೆ ಗಾಳಿ ಹೊಡೆದರೆ ಮೇಲೆ ಕಿಟಕಿ ಗಾಜು ಗಡಗಡ ಎನ್ನುತ್ತಿತ್ತು. ಹನ್ನೊಂದು ಗಂಟೆಗೆ ಸಭೆ. ಒಂಬತ್ತು ನಿರ್ದೇಶಕರಲ್ಲಿ ಬಂದು ಕೂತವರು ನಾಲ್ವರು. ಸೈಲೆನ್ಸರ್, ಅವನಂತೆ ಪುಟ್ಟಿಯ ಪರವಾಗಿದ್ದ ಡೀಸೆಲ್ ಅಣ್ಣ ಮತ್ತು ಇನ್ನಿಬ್ಬರು ಹಳೆಯ ಚಾಲಕರು. ಮೂಲೆಯ ಮೇಜಿನ ಹಿಂದೆ ಗುಮಾಸ್ತಮ್ಮ, ಅವರ ಮುಂದೆ ನಡಾವಳಿ ಪುಸ್ತಕ.

"ಕೋರಂ ಆಗಿ ಸಭೆ ನಡೀಬೇಕಾದ್ರೆ ಐದು ಜನ ಬೇಕು. ಇನ್ನೊಬ್ರು ಎಲ್ಲಿ?" ಎಂದರು ಗುಮಾಸ್ತಮ್ಮ.

ಎಲ್ಲಿ ಅಂದರೆ, ಕಿಟಕಿಯಿಂದ ಕಾಣುವಷ್ಟು ಹತ್ತಿರದಲ್ಲೇ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಹಾರ್ನ್ ಮತ್ತು ಅವರ ಕಡೆಯ ನಾಲ್ವರು ಸಾಲಾಗಿ ಕೂತು ಚಹಾ ಕುಡಿಯುತ್ತಿದ್ದರು. ಡೀಸೆಲ್ ಅಣ್ಣ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದ: "ಅಧ್ಯಕ್ಷರೇ, ಸಭೆ!"

"ಬಂದೆ, ಬಂದೆ!" ಎಂದು ಹಾರ್ನ್ ಅಲ್ಲಿಂದಲೇ ಕೈಬೀಸಿ ಇನ್ನೊಂದು ಚಹಾ ಹೇಳಿದರು.

ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಕಾಯಬೇಕು. ಹನ್ನೊಂದು ಕಾಲಾಯಿತು, ಹನ್ನೊಂದು ಇಪ್ಪತ್ತಾಯಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದು! ನಾಲ್ವರೂ ಎದ್ದು ನಿಂತರು. ಬಂದವನು ಲಗೇಜ್, ಹಾರ್ನ್ ಅವರ ಬಲಗೈ. ಒಂದು ಕೈಚೀಲಕ್ಕೂ ಲಗೇಜ್ ಚಾರ್ಜು ಕೇಳುವವನಾದ್ದರಿಂದ ಆ ಹೆಸರು. ಗುಮಾಸ್ತಮ್ಮ ಹಾಜರಿ ಬರೆಯಲು ಪೆನ್ನಿನ ಮುಚ್ಚಳ ತೆಗೆದರು. ಲಗೇಜ್ ಹೊಸ್ತಿಲಿನ ಹೊರಗೇ ಬ್ರೇಕು ಹಾಕಿದ ಹಾಗೆ ನಿಂತ.

"ನನ್ನ ಫೋನ್ ಚಾರ್ಜರ್ ಅಲ್ಲೇ ಬಿಟ್ಟಿದೀನಿ. ಸ್ವಲ್ಪ ಎಸೀರಿ."

"ಒಳಗೆ ಬಂದು ತಗೊಳಪ್ಪ," ಎಂದ ಡೀಸೆಲ್ ಅಣ್ಣ ಜೇನಿನಂಥ ದನಿಯಲ್ಲಿ.

"ಆಹಾ! ಒಳಗೆ ಬಂದ್ರೆ ಐದಾಗತ್ತೆ. ನನಗೇನು ಲೆಕ್ಕ ಬರಲ್ವಾ?"

ಚಾರ್ಜರ್ ಎಸೆಯಬೇಕಾಯಿತು. ಅವನು ಅದನ್ನು ಗಾಳಿಯಲ್ಲೇ ಹಿಡಿದು ಇಳಿದುಹೋದ. ಗೋಡೆ ಗಡಿಯಾರ ಹನ್ನೊಂದೂವರೆ ತೋರಿಸಿತು.

ಡೀಸೆಲ್ ಅಣ್ಣನ ಪಿತ್ತ ನೆತ್ತಿಗೇರಿತು. "ನಾವು ನಾಲ್ಕು ಜನ ಇದೀವಿ, ಇವತ್ತೇ ಪಾಸ್ ಮಾಡಿ ಬಿಸಾಕೋಣ! ಯಾರು ಕೇಳ್ತಾರೆ?"

"ಎಲ್ಲರೂ ಕೇಳ್ತಾರೆ," ಎಂದರು ಗುಮಾಸ್ತಮ್ಮ. "ಕೋರಂ ಇಲ್ದೆ ಮಾಡಿದ ಠರಾವಿಗೆ ಮೂರು ಕಾಸಿನ ಬೆಲೆ ಇಲ್ಲ. ನಾಳೆ ಯಾರಾದ್ರೂ ತಕರಾರು ತೆಗೆದ್ರೆ ಹುಡುಗಿ ನಂಬರೂ ಹೋಗತ್ತೆ, ನಿಮ್ಮ ಮಾನಾನೂ ಹೋಗತ್ತೆ."

ಕೆಳಗೆ ಬೀದಿಯಲ್ಲಿ ಹಾರ್ನ್ ನಗುತ್ತಿದ್ದುದು ಮೇಲೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವರ ಲೆಕ್ಕ ಸರಳ. ಸಭೆ ಸತ್ತರೆ ವಿಷಯವೂ ಸತ್ತಿತು. ಹೊಸ ಸಭೆ ಕರೆಯಬೇಕಾದವರು ತಾವೇ, ಅದಕ್ಕೆ ಏಳು ಪೂರ್ತಿ ದಿನದ ನೋಟಿಸು ಕೊಡಬೇಕು, ನೋಟಿಸು ಒಂದು ದಿನ ತಡಮಾಡಿದರೂ ಗುರುವಾರ ದಾಟಿರುತ್ತದೆ. ಸೈಲೆನ್ಸರ್ ಕಿಟಕಿಯ ಬಳಿ ನಿಂತು ಆ ನಗು ಕೇಳುತ್ತ, ಮನೆಯಲ್ಲಿ ಕಾಯುತ್ತಿರುವ ಮಂಜುಗಣ್ಣಿನ ಪಾರ್ಟ್ನರಿಗೆ ಏನು ಹೇಳಲಿ ಎಂದು ಯೋಚಿಸಿದ. ಅವನಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಗುಮಾಸ್ತಮ್ಮ ಮಾತ್ರ ಏನೂ ಆಗದವರಂತೆ ಒಂದು ಹಾಳೆ ಬರೆದು, ನಾಲ್ವರ ಮುಂದೆಯೇ ನೋಟಿಸು ಬೋರ್ಡಿಗೆ ಪಿನ್ನು ಚುಚ್ಚಿದರು. "ಕೋರಂ ಇಲ್ಲದ ಕಾರಣ ಸಭೆ ಮುಂದೂಡಲಾಗಿದೆ. ಮುಂದಿನ ಬುಧವಾರ, ಇದೇ ಗಂಟೆ, ಇದೇ ಸ್ಥಳ. ಬಾಕಿ ವಿಷಯಗಳು ಇದೇ ಕ್ರಮದಲ್ಲಿ ಅಲ್ಲಿ ಬರುತ್ತವೆ."

"ಅಂದ್ರೆ ವಿಷಯ ಬಿದ್ದುಹೋಗ್ಲಿಲ್ವಾ?" ಎಂದ ಡೀಸೆಲ್ ಅಣ್ಣ.

"ಯಾಕೆ ಬಿದ್ದುಹೋಗ್ಬೇಕು? ಸಭೆ ನಿಂತಿದೆ, ಮುಗಿದಿಲ್ಲ. ಮುಂದೂಡಿದ ಸಭೆ ಅಂದ್ರೆ ಇದೇ ಸಭೆ, ಹೊಸದಲ್ಲ. ಅದಕ್ಕೆ ಏಳು ದಿನದ ನೋಟಿಸೂ ಬೇಡ. ಇನ್ನೊಂದು ಮಾತು ಕೇಳಿ. ನಮ್ಮ ಬೈಲಾದಲ್ಲಿ ಮುಂದೂಡಿದ ಸಭೆಗೆ ಕೋರಂ ಕೂಡ ಬೇಡ. ಎಷ್ಟು ಜನ ಬಂದಿರ್ತಾರೋ ಅಷ್ಟೇ ಜನ ಬಾಕಿ ವಿಷಯ ತೀರ್ಮಾನ ಮಾಡಬಹುದು."

ಡೀಸೆಲ್ ಅಣ್ಣ ಸೈಲೆನ್ಸರನ ಬೆನ್ನಿಗೆ ಹೊಡೆದ ಹೊಡೆತಕ್ಕೆ ಅವನು ಕಿಟಕಿಯಿಂದ ಹೊರಗೆ ಬೀಳುವುದೊಂದು ಬಾಕಿ.

ಆ ವಾರ ಸ್ಟ್ಯಾಂಡಿನಲ್ಲಿ ಗಿರಾಕಿಗಳಿಗಿಂತ ಹೆಚ್ಚಾಗಿ ಬೈಲಾದ ಮಾತೇ ಓಡಾಡಿತು. ಶನಿವಾರ ಲಗೇಜ್ ಬೋರ್ಡಿನ ಮುಂದೆ ನಿಂತು ಹಾಳೆಯನ್ನು ಎರಡು ಸಲ ಓದಿ, ಮುಖ ಸಣ್ಣ ಮಾಡಿಕೊಂಡು ಹಾರ್ನ್ ಅವರ ಬಳಿಗೆ ಓಡಿದ. ಬುಧವಾರ ಮತ್ತೆ ಚಹಾ ಕುಡಿಯುತ್ತ ಕೂತರೆ ನಾಲ್ವರೇ ಕೂತು ಪಾಸು ಮಾಡಿಬಿಡುತ್ತಾರೆ ಎಂದು ಅವರಿಗೂ ಅರ್ಥವಾಯಿತು.

ಬುಧವಾರ ಹನ್ನೊಂದಕ್ಕೆ ಐದು ನಿಮಿಷವಿರುವಾಗಲೇ ಒಂಬತ್ತು ಕುರ್ಚಿಯೂ ಭರ್ತಿ. ಪುಟ್ಟಿ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಬಂದು ಕೂತಿದ್ದಳು. ಹತ್ತುವಾಗ ಸೈಲೆನ್ಸರ್ ಅವಳನ್ನು ನೋಡಿದ. ಅವಳು, "ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ ಚಿಕ್ಕಪ್ಪ, ನೀವು ಮುಖ ಹಾಗೆ ಮಾಡ್ಕೋಬೇಡಿ" ಎಂದಳು. ಅವನಿಗೆ ಏನಾದರೂ ಹೇಳಬೇಕೆನಿಸಿತು. ಹೇಳದೆ ಹತ್ತಿದ.

ಹಾರ್ನ್ ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡರು. ಕಿಟಕಿ ಗಾಜು ಅಲ್ಲಾಡಿತು.

"ಮೊದಲು ಒಂದು ಹೊಸ ವಿಷಯ. ಸ್ಟ್ಯಾಂಡ್ ನಂಬರ್ ಬೇಕಾದೋರಿಗೆ ಹತ್ತು ವರ್ಷದ ಅನುಭವ ಇರ್ಬೇಕು ಅಂತ ನಿಯಮ. ಗುಮಾಸ್ತಮ್ಮ, ಬರ್ಕೊಳ್ಳಿ."

ಸಭೆ ನಡೆಯುವಾಗ ಅಧ್ಯಕ್ಷರು ಕೇಳದೆ ಗುಮಾಸ್ತಮ್ಮ ಬಾಯಿ ಬಿಡಬಾರದು ಎಂದು ಹಾರ್ನ್ ಎಂಟು ವರ್ಷದ ಹಿಂದೆಯೇ ಕಟ್ಟಪ್ಪಣೆ ಮಾಡಿದ್ದರು. ಈಗ ತಾವಾಗಿಯೇ ಮಾತಾಡಿಸಿ ಸಿಕ್ಕಿಬಿದ್ದರು.

"ಅಧ್ಯಕ್ಷರು ಕೇಳಿದ್ದಕ್ಕೆ ಹೇಳ್ತೀನಿ," ಎಂದರು ಗುಮಾಸ್ತಮ್ಮ. "ಮುಂದೂಡಿದ ಸಭೇಲಿ ಬಾಕಿ ಉಳಿದ ವಿಷಯ ಬಿಟ್ಟು ಬೇರೆ ಯಾವ್ದೂ ತಗೊಳ್ಳೋ ಹಾಗಿಲ್ಲ. ಹೊಸದಕ್ಕೆ ಹೊಸ ನೋಟಿಸು, ಹೊಸ ಸಭೆ."

ಹಾರ್ನ್ ಕೆಮ್ಮಿದರು. ಡೀಸೆಲ್ ಅಣ್ಣ ತಡಮಾಡದೆ ಎದ್ದ. "ಹಾಗಾದ್ರೆ ಇಪ್ಪತ್ತೇಳು ತಗೊಳ್ಳಿ. ಇದ್ರಲ್ಲಿ ನಿಮ್ಮ ಭಾವಮೈದುನಂಗೆ ಲಾಭ ಇದೆ. ನೀವು ಕುರ್ಚೀಲಿ ಕೂರೋ ಹಾಗಿಲ್ಲ, ವೋಟೂ ಹಾಕೋ ಹಾಗಿಲ್ಲ."

ಜಗಳವಾಗುತ್ತದೆ ಎಂದು ಎಲ್ಲರೂ ಕಾದರು. ಹಾರ್ನ್ ಮಾತ್ರ ತುಟಿಯಂಚಿನಲ್ಲಿ ನಕ್ಕರು. "ಗೊತ್ತಪ್ಪ, ನಾನೇನು ಅಷ್ಟೂ ತಿಳೀದವನಾ? ಹೊರಗೆ ಹೋಗ್ತೀನಿ. ಈ ವಿಷಯಕ್ಕೆ ಮಾತ್ರ ಬೇರೊಬ್ಬ ಅಧ್ಯಕ್ಷನ್ನ ಆರಿಸ್ಕೊಳ್ಳಿ." ಹೇಳುತ್ತ ಲಗೇಜ್‌ ಕಡೆಗೆ ಕಣ್ಣು ಹಾಯಿಸಿದರು.

ಲಗೇಜ್ ಪಾಠ ಒಪ್ಪಿಸುವವನಂತೆ ಎದ್ದ. "ನಾನು ಸೈಲೆನ್ಸರ್ ಹೆಸರು ಸೂಚಿಸ್ತೀನಿ."

ಕೋಣೆಯಲ್ಲಿ ನಗು ಸಿಡಿಯಿತು. ಸೈಲೆನ್ಸರ್ ಅಧ್ಯಕ್ಷ! ಹಾರ್ನ್ ಕಡೆಯವನೇ ಇನ್ನೊಬ್ಬ ಅನುಮೋದಿಸಿದ. ಡೀಸೆಲ್ ಅಣ್ಣನಿಗೆ ಆಟ ತಟ್ಟನೆ ಹೊಳೆದು ಮುಖ ಬಿಳುಪೇರಿತು. ಹಾರ್ನ್ ಹೋದ ಮೇಲೆ ಉಳಿಯುವವರು ಎಂಟು ಜನ, ಈ ಕಡೆ ನಾಲ್ಕು, ಆ ಕಡೆ ನಾಲ್ಕು. ಅಧ್ಯಕ್ಷನಾದವನು ಕೈ ಎತ್ತುವುದಿಲ್ಲ, ಈ ಕೋಣೆಯ ರೂಢಿಯೇ ಅದು. ಎಂಟು ವರ್ಷದಲ್ಲಿ ಹಾರ್ನ್ ಒಮ್ಮೆಯೂ ಕುರ್ಚಿಯಿಂದ ಕೈ ಎತ್ತಿದ್ದಿಲ್ಲ. ಅವರ ಕಡೆ ಯಾವಾಗಲೂ ಜನ ಹೆಚ್ಚಿದ್ದುದರಿಂದ ಎತ್ತುವ ಗರಜೇ ಬಿದ್ದಿರಲಿಲ್ಲ. ಹಾಗಿದ್ದಾಗ ಸೈಲೆನ್ಸರನನ್ನು ಕುರ್ಚಿಗೆ ಏರಿಸಿದರೆ ಪುಟ್ಟಿಯ ಕಡೆ ಮೂರೇ ಕೈ! ಬೇಡ ಎನ್ನೋಣವೆಂದರೆ ತಮ್ಮವನನ್ನೇ ತಾವು ಬೇಡ ಎಂದ ಹಾಗಾಗುತ್ತದೆ. ಡೀಸೆಲ್ ಅಣ್ಣ ತಲೆ ಮೇಲೆ ಕೈಹೊತ್ತು ಕೂತ. ಬೇರೆ ಹೆಸರು ಬರಲಿಲ್ಲ. ಅವಿರೋಧ ಆಯ್ಕೆ ಎಂದು ಗುಮಾಸ್ತಮ್ಮ ಬರೆದುಕೊಂಡರು.

ಹಾರ್ನ್ ಎದ್ದು, ಸೈಲೆನ್ಸರನ ಭುಜ ತಟ್ಟಿ, "ಆರಾಮಾಗಿ ಕೂತ್ಕೋ" ಎಂದು ಹೊರಟರು. ಬಾಗಿಲು ಮುಚ್ಚಿತು.

ಕುರ್ಚಿ ಇನ್ನೂ ಬೆಚ್ಚಗಿತ್ತು. ಸೈಲೆನ್ಸರನ ಮುಂದೆ ಏಳು ಮುಖಗಳು, ಅವುಗಳಲ್ಲಿ ನಾಲ್ಕು ನಗುತ್ತಿದ್ದವು. ನನ್ನಿಂದಲೇ ಕೆಟ್ಟಿತಲ್ಲ, ನಾನಿಲ್ಲಿ ಕೂತದ್ದರಿಂದಲೇ ಪುಟ್ಟಿಗೆ ಒಂದು ಮತ ಕಡಿಮೆಯಾಯಿತಲ್ಲ ಎಂದು ಕೊರಗಿದ.

ಡೀಸೆಲ್ ಅಣ್ಣ ಅರ್ಜಿಯನ್ನು ಮಂಡಿಸಿದ, ಇನ್ನೊಬ್ಬ ಅನುಮೋದಿಸಿದ. ಲಗೇಜ್ ಎದ್ದು, "ಸಭೆ ಅಧ್ಯಕ್ಷರನ್ನ ಆ ಹುಡುಗಿ ಚಿಕ್ಕಪ್ಪ ಅಂತಾಳೆ. ಇವರಿಗೂ ಸಂಬಂಧ ಇದೆ ಅಂತ ಬರ್ಕೊಳ್ಳಿ" ಎಂದ.

"ನನ್ನ ಗಾಡಿ ಹತ್ತೋ ಹುಡುಗರೆಲ್ಲ ನನ್ನನ್ನ ಅಂಕಲ್ ಅಂತಾರೆ, ಎಲ್ಲರಿಗೂ ಆಸ್ತಿ ಬರ್ಕೊಡ್ಲಾ?" ಎಂದ ಡೀಸೆಲ್ ಅಣ್ಣ. ಲಗೇಜ್ ಕಡೆಯವರೇ ಕಿಸಕ್ಕನೆ ನಕ್ಕರು. ಅವನು ಕೂತ. ಹೇಗೂ ಗೆಲ್ಲುವ ಮತಕ್ಕೆ ಜಗಳವೇಕೆ ಎಂದು ಅವನಿಗೂ ಅನಿಸಿರಬೇಕು.

ಮತಕ್ಕೆ ಹಾಕಬೇಕಾದವನು ಈಗ ಸೈಲೆನ್ಸರ್. ಎಲ್ಲರೂ ಅವನತ್ತ ನೋಡಿದರು.

"ಪ... ಪರವಾಗಿ ಇರೋರು ಕೈ ಎತ್ತಿ," ಎಂದ. ಅವನ ದನಿ ಅವನಿಗೇ ಅಪರಿಚಿತವಾಗಿತ್ತು.

ಮೂರು ಕೈ.

"ವಿರೋಧ?"

ನಾಲ್ಕು ಕೈ ಒಟ್ಟಿಗೆ ಎದ್ದವು. ಲಗೇಜ್ ಬೆರಳುಗಳನ್ನೂ ಅಗಲಿಸಿ ಹಿಡಿದಿದ್ದ.

ಅಲ್ಲಿಗೆ ಮುಗಿಯಿತು. ಈಗ ಅವನು ಫಲಿತಾಂಶ ಹೇಳಬೇಕು. ಗುಮಾಸ್ತಮ್ಮನ ಕಡೆ ನೋಡಿದ. ಅವರ ಪೆನ್ನು ಹಾಳೆಯ ಮೇಲೆ ನಿಂತಿತ್ತು, ಬರೆಯುತ್ತಿರಲಿಲ್ಲ. ಕನ್ನಡಕದ ಮೇಲಿನಿಂದ ಅವನನ್ನೇ ದಿಟ್ಟಿಸುತ್ತಿದ್ದರು, ತುಟಿ ಬಿಗಿಹಿಡಿದು, ಮುಖ ಕೆಂಪಾಗುವಷ್ಟು. ಏನೋ ಹೇಳಲು ಇದೆ ಇವರಿಗೆ, ಕೇಳದೆ ಹೇಳಬಾರದು ಎಂದು ನುಂಗಿಕೊಂಡಿದ್ದಾರೆ ಎಂದು ಅವನಿಗೆ ಥಟ್ಟನೆ ತಿಳಿಯಿತು. ಮಾತು ನುಂಗುವುದು ಅವನಷ್ಟು ಬಲ್ಲವರು ಆ ಕೋಣೆಯಲ್ಲಿ ಬೇರೆ ಯಾರಿದ್ದರು? ಕೇಳಬೇಕಾದವನು ಅಧ್ಯಕ್ಷ. ಅಧ್ಯಕ್ಷ ಎಂದರೆ ಈಗ ತಾನು.

"ಗುಮಾಸ್ತಮ್ಮ," ಎಂದ. ಮತ್ತೆ ಹೇಳಿದ, ಈ ಸಲ ಜೋರಾಗಿ. "ಗುಮಾಸ್ತಮ್ಮ, ನಾನು ಕೈ ಎತ್ತಬಹುದಾ? ಬೈಲಾ ಏನು ಹೇಳತ್ತೆ, ಓದಿ."

ಗುಮಾಸ್ತಮ್ಮ ಉಸಿರು ಬಿಟ್ಟದ್ದು ಬಾಗಿಲವರೆಗೂ ಕೇಳಿಸಿತು. ಪುಟ ಮೊದಲೇ ಮಡಚಿಟ್ಟಿದ್ದರು. "'ಸಭೆಯ ಅಧ್ಯಕ್ಷತೆ ವಹಿಸಿದವರು ಸದಸ್ಯರೂ ಆಗಿರುವುದರಿಂದ ಅವರಿಗೆ ಎಲ್ಲ ಸದಸ್ಯರಂತೆ ಒಂದು ಮತವಿರುತ್ತದೆ.'"

"ಎತ್ತೋ ಮಾರಾಯ!" ಡೀಸೆಲ್ ಅಣ್ಣ ಕುರ್ಚಿಯಿಂದ ಹಾರಿದ.

ಸೈಲೆನ್ಸರ್ ಕೈ ಎತ್ತಿದ. "ನನ್ನ ಮತ ಪರವಾಗಿ. ನಾಲ್ಕು, ನಾಲ್ಕು."

ಲಗೇಜ್ ಮುಖದ ಬಣ್ಣ ಬದಲಾಯಿತು, ಆದರೂ ಸೋಲು ಒಪ್ಪುವ ಆಸಾಮಿಯಲ್ಲ. "ಆಯ್ತಲ್ಲ, ಸಮ ಆಯ್ತು! ಸಮ ಆದ್ರೆ ಠರಾವು ಬಿತ್ತು! ಬಹುಮತ ಬೇಕು, ಬಹುಮತ ಎಲ್ಲಿದೆ? ಸಭೆ ಮುಗೀತು, ನಡೀರಿ!" ನಾಲ್ವರೂ ಕುರ್ಚಿ ಹಿಂದೆ ಸರಿಸಿದರು. ಒಬ್ಬ ಬಾಗಿಲ ಚಿಲಕಕ್ಕೆ ಕೈ ಹಾಕಿಯೂ ಆಗಿತ್ತು.

"ಕೂತ್ಕೊಳ್ಳಿ!"

ಕೂಗಿದ್ದು ಯಾರು ಎಂದು ಎಲ್ಲರೂ ಸುತ್ತಮುತ್ತ ನೋಡಿದರು. ಸೈಲೆನ್ಸರ್ ಎದ್ದು ನಿಂತಿದ್ದ, ಕಿವಿಯೆಲ್ಲ ಕೆಂಪಾಗಿತ್ತು. "ಸಭೆ ಮುಗೀತು ಅಂತ ಹೇಳಬೇಕಾದೋನು ನಾನು. ಕೂತ್ಕೊಳ್ಳಿ. ಗುಮಾಸ್ತಮ್ಮ, ಮುಂದಿನ ಸಾಲು ಓದಿ."

ಮುಂದಿನ ಸಾಲು ಇದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಅವರ ಬೆರಳು ಇನ್ನೂ ಪುಟದ ಮೇಲೇ ಇದ್ದುದನ್ನು ನೋಡಿದ್ದ, ಅಷ್ಟೇ.

"'ಮತಗಳು ಸಮವಾದಾಗ, ಅಧ್ಯಕ್ಷತೆ ವಹಿಸಿದವರಿಗೆ ಎರಡನೆಯದಾದ ಒಂದು ನಿರ್ಣಾಯಕ ಮತವಿರುತ್ತದೆ.'"

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. "ಒಬ್ಬನಿಗೆ ಎರಡು ವೋಟಾ? ಇದ್ಯಾವ ನ್ಯಾಯ?" ಎಂದು ಲಗೇಜ್ ಮೇಜು ಗುದ್ದಿದ. ಡೀಸೆಲ್ ಅಣ್ಣ ಅವನಿಗೆ ಕೈಮುಗಿದು, "ಸೂಚಿಸಿದ ಪುಣ್ಯಾತ್ಮ ನೀನೇ ಅಲ್ವೇನಪ್ಪ" ಎಂದ.

ಲಗೇಜ್ ಕೊನೆಯ ಬಾಣ ಬಿಟ್ಟ. "ಅಧ್ಯಕ್ಷನಾದೋನು ನಿರ್ಣಾಯಕ ಮತಾನ ಇದ್ದದ್ದು ಇದ್ದ ಹಾಗೇ ಇರ್ಲಿ ಅಂತ ಹಾಕ್ಬೇಕು. ಅದು ಮರ್ಯಾದೆ."

"ಕೆಲವು ಸಂಘಗಳಲ್ಲಿ ಆ ರೂಢಿ ಇದೆ, ಇಲ್ಲ ಅನ್ನಲ್ಲ," ಎಂದರು ಗುಮಾಸ್ತಮ್ಮ, ಈ ಸಲ ಸೈಲೆನ್ಸರ್ ಕಣ್ಣಲ್ಲೇ ಕೇಳಿದ್ದನ್ನು ಸಾಕೆಂದುಕೊಂಡು. "ನಮ್ಮ ಬೈಲಾ ಹಾಗೆ ಕಟ್ಟುಹಾಕಿಲ್ಲ. ಹಾಕೋದು ಬಿಡೋದು, ಯಾವ ಕಡೆ ಹಾಕೋದು, ಅಧ್ಯಕ್ಷರ ವಿವೇಚನೆ."

ಲಗೇಜ್ ಮಾತು ಸೈಲೆನ್ಸರನಿಗೆ ತಾಗದೆ ಇರಲಿಲ್ಲ. ಒಬ್ಬನಿಗೆ ಎರಡು ಮತ ಎಂಬುದು ಅವನಿಗೂ ಭಾರವೇ. ತನ್ನ ಪ್ರೀತಿಯ ಹುಡುಗಿ ಎಂದು ಹಾಕುತ್ತಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಂಡ. ಅವಳು ಮೊದಲ ಸಲ ಗಾಡಿಯನ್ನು ಇಕ್ಕಟ್ಟಾದ ಸೇತುವೆ ದಾಟಿಸಿದ್ದು ನೆನಪಾಯಿತು. ಅವತ್ತು ಡ್ಯಾಶ್‌ಬೋರ್ಡಿಗೆ ಒಂಟಿ ಕುಟ್ಟು ಕುಟ್ಟಲು ಅವನಿಗೆ ಒಂದು ತಪ್ಪೂ ಸಿಕ್ಕಿರಲಿಲ್ಲ. ಪರಿಚಯವೇ ಇಲ್ಲದ ಹುಡುಗಿ ಆಗಿದ್ದರೂ ಕೊಡುತ್ತಿದ್ದೆ ಎಂದು ಮನಸ್ಸು ಹೇಳಿತು. ಅಲ್ಲಿಗೆ ಭಾರ ಇಳಿಯಿತು.

"ಬರ್ಕೊಳ್ಳಿ," ಎಂದ. "ಅವಳ ಗಾಡಿಯ ಹಿಂದಿನ ಸೀಟಲ್ಲಿ ನಾನು ನಿದ್ದೆ ಮಾಡಿದೀನಿ. ನಿಮ್ಮಲ್ಲಿ ಯಾರ ಗಾಡೀಲೂ ಮಾಡಿಲ್ಲ. ನನ್ನ ನಿರ್ಣಾಯಕ ಮತ ಪರವಾಗಿ. ಠರಾವು ಪಾಸಾಗಿದೆ. ಸಭೆ ಮುಗೀತು."

ಮೂರು ವರ್ಷದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. ಗುಮಾಸ್ತಮ್ಮ ಅದನ್ನು ಅಕ್ಷರ ಬಿಡದೆ ಬರೆದುಕೊಂಡು ಪುಸ್ತಕವನ್ನು ಅವನ ಮುಂದೆ ತಳ್ಳಿದರು. ಅವನು ಸಹಿ ಹಾಕಿದ.

ಬಾಗಿಲು ತೆರೆದು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದ. ಕೆಳಗಿನ ಬೆಂಚಿನ ಒಂದು ತುದಿಯಲ್ಲಿ ಪುಟ್ಟಿ, ಇನ್ನೊಂದು ತುದಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಹಾರ್ನ್.

"ಮೇಲೆ ಅಷ್ಟು ಜೋರಾಗಿ ಕೂಗಿದ್ದು ಯಾರೋ?" ಎಂದರು ಹಾರ್ನ್.

ಸೈಲೆನ್ಸರ್ ಬೆಂಚಿನ ಇನ್ನೊಂದು ತುದಿಗೆ ನಡೆದ. ಪುಟ್ಟಿ ಎದ್ದು ನಿಂತು ಅವನ ಮುಖವನ್ನೇ ನೋಡುತ್ತಿದ್ದಳು, ಕೇಳಲು ಧೈರ್ಯವಿಲ್ಲದೆ.

"ಐದು, ನಾಲ್ಕು," ಎಂದ.

"ಯಾರ ಕಡೆ ಐದು ಚಿಕ್ಕಪ್ಪ?"

"ನಿನ್ನ ಕಡೆ."

ಹಾರ್ನ್ ಕಾಲು ಕೆಳಗಿಳಿಸಿದರು. "ಎಂಟು ಜನ ಇದ್ದ ಕಡೆ ಒಂಬತ್ತು ವೋಟು ಎಲ್ಲಿಂದ ಬಂತು?"

"ಐದರಲ್ಲಿ ಎರಡು ನಂದು," ಎಂದ ಸೈಲೆನ್ಸರ್. ಪುಟ್ಟಿ ನಗುತ್ತಲೋ ಅಳುತ್ತಲೋ ಅವನ ತೋಳು ಹಿಡಿದುಕೊಂಡಳು. ಅವನಿಗೆ ಹೇಳಲು ಇನ್ನೂ ಬೇಕಾದಷ್ಟಿತ್ತು, ಮನೆಯಲ್ಲಿ ಕಾಯುತ್ತಿರುವ ಅವಳ ಅಪ್ಪನಿಗೆ ಹೇಳುವುದಂತೂ ರಾಶಿ ಇತ್ತು. ತನ್ನ ಗಾಡಿಯ ಕೀಲಿಯನ್ನು ಅವಳ ಕೈಗಿಟ್ಟು, "ನಡಿ, ನೀನೇ ಓಡ್ಸು. ದಾರಿಯುದ್ದಕ್ಕೂ ನಾನು ಮಾತಾಡ್ತೀನಿ" ಎಂದ.